ಟೈಮ್ ಜಾಸ್ತಿ ಮಾಡೋ ಮೊದಲು, ಟ್ರಿಪ್ ಎಷ್ಟು ಹರ್ಟ್ಝ್‌ನಲ್ಲಾಯ್ತು ನೋಡೋಣ

"ಮೋಟಾರ್ ವೇಗ ಏರುವಾಗ ಡ್ರೈವ್ ಓವರ್‌ಕರೆಂಟ್ ಅಂತ ಟ್ರಿಪ್ ಆದ್ರೆ ಏನ್ ಮಾಡ್ತೀರಿ?" ವೈವಾದಲ್ಲಿ ಈ ಪ್ರಶ್ನೆ ಬಂದರೆ ನಮ್ಮ ಉತ್ತರ ರೆಡಿ ಇರುತ್ತೆ: "ಆಕ್ಸಲರೇಷನ್ ಟೈಮ್ ಜಾಸ್ತಿ ಮಾಡ್ತೀವಿ ಸರ್." ಮಾರ್ಕ್ಸೂ ಸಿಗುತ್ತೆ. ಆದರೆ ಈ ಉತ್ತರ ಅರ್ಧ ಮಾತ್ರ ಸರಿ, ಉಳಿದರ್ಧವನ್ನು ಲ್ಯಾಬ್‌ನಲ್ಲೇ ಕಲಿಯಬೇಕು ಅನ್ನೋದು ನಮ್ಮ ವಾದ.

ಮೊದಲು ಉತ್ತರ ಎಲ್ಲಿ ಸರಿ ಅಂತ ನೋಡೋಣ. 7.5 ಕಿಲೋವ್ಯಾಟ್, 1440 ಆರ್‌ಪಿಎಂ ಮೋಟಾರ್ ಕೊಡುವ ರೇಟೆಡ್ ಟಾರ್ಕ್ ಸುಮಾರು 50 ನ್ಯೂಟನ್ ಮೀಟರ್. ಅದಕ್ಕೊಂದು ಭಾರದ ಬ್ಲೋವರ್ ಕಟ್ಟಿದ್ದೀವಿ, ಒಟ್ಟು ಇನರ್ಷಿಯಾ 2 ಕೆಜಿ ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಪೂರ್ತಿ ವೇಗ ಅಂದ್ರೆ ಸೆಕೆಂಡಿಗೆ 150 ರೇಡಿಯನ್. 5 ಸೆಕೆಂಡಲ್ಲಿ ಅಲ್ಲಿಗೆ ಮುಟ್ಟಿಸಬೇಕಾದರೆ 2 × 150 / 5, ಅಂದರೆ 60 ನ್ಯೂಟನ್ ಮೀಟರ್ ಬರೀ ವೇಗ ಏರಿಸೋಕೇ ಬೇಕು. ಗಾಳಿ ತಳ್ಳುವ ಟಾರ್ಕ್ ಅದರ ಮೇಲೆ. ಟೈಮನ್ನು 15 ಸೆಕೆಂಡ್ ಮಾಡಿದರೆ ಆ 60 ಇಳಿದು 20 ಆಗುತ್ತೆ, ಟ್ರಿಪ್ ಹೋಗುತ್ತೆ. ಇಂಥ ಕಡೆ ನಮ್ಮ ವೈವಾ ಉತ್ತರಕ್ಕೆ ಜೈ.

ಈಗ ಇದೇ ಮೋಟಾರನ್ನು ಒಂದು ರೈಸ್ ಮಿಲ್ಲಿನ ಬಕೆಟ್ ಎಲಿವೇಟರ್‌ಗೆ ಹಾಕೋಣ. 415 ವೋಲ್ಟ್, 15 ಆಂಪ್ ಮೋಟಾರ್, 17 ಆಂಪ್ ಡ್ರೈವ್, ನಡುವೆ 60 ಮೀಟರ್ ಕೇಬಲ್. ಕರೆಂಟ್ ಹೋಗಿ ಬಂದ ಮೇಲೆ ಸ್ಟಾರ್ಟ್ ಒತ್ತಿದರೆ ಡಿಸ್‌ಪ್ಲೇನಲ್ಲಿ E.OC1 ಬರುತ್ತೆ. ಬೇರೆ ಕೆಲವು ಡ್ರೈವ್‌ಗಳಲ್ಲಿ ಇದೇ ಮಾತನ್ನು ocA ಅಂತ ಬರೆದಿರ್ತಾರೆ. ಆಪರೇಟರ್ ಟೈಮನ್ನು 5ರಿಂದ 10 ಮಾಡ್ತಾರೆ, ಆಮೇಲೆ 20 ಮಾಡ್ತಾರೆ. ಆದರೂ ಟ್ರಿಪ್. ರೀಸೆಟ್, ಮತ್ತೆ ಸ್ಟಾರ್ಟ್, ಮತ್ತೆ ಟ್ರಿಪ್. ಪ್ರತಿ ಸಲ ಒಳಗಿನ ಐಜಿಬಿಟಿಗಳು ರೇಟಿಂಗ್‌ನ ಎರಡು ಪಟ್ಟು ಕರೆಂಟ್ ತಡೆದುಕೊಳ್ಳುತ್ತಿವೆ ಅನ್ನೋದು ಯಾರಿಗೂ ಕಾಣಿಸಲ್ಲ.

ಕೋಡ್ ಹೇಳೋದು ಇಷ್ಟೇ: ವೇಗ ಏರುವ ಹೊತ್ತಲ್ಲಿ ಕರೆಂಟ್ ಮಿತಿ ದಾಟಿತು. ಯಾಕೆ ಅಂತ ಅದು ಹೇಳಲ್ಲ. ಅದಕ್ಕೆ ಬೇಕಾದ ಸುಳಿವು ಫಾಲ್ಟ್ ಹಿಸ್ಟರಿಯಲ್ಲಿ ಇರುತ್ತೆ. ಈಗಿನ ಎಷ್ಟೋ ಡ್ರೈವ್‌ಗಳು ಟ್ರಿಪ್ ಆದ ಕ್ಷಣದ ಫ್ರೀಕ್ವೆನ್ಸಿ, ಕರೆಂಟ್, ವೋಲ್ಟೇಜ್ ಬರೆದಿಟ್ಟುಕೊಳ್ಳುತ್ತವೆ. ನಮ್ಮ ಎಲಿವೇಟರ್‌ನಲ್ಲಿ ಅದು 3 ಹರ್ಟ್ಝ್, 36 ಆಂಪ್. ಟೈಮ್ 5 ಇದ್ದಾಗಲೂ 3 ಹರ್ಟ್ಝ್, 20 ಮಾಡಿದಾಗಲೂ 3 ಹರ್ಟ್ಝ್. ಇಲ್ಲೇ ಗುಟ್ಟು ಇರೋದು. ಇನರ್ಷಿಯಾ ಕಾರಣ ಆಗಿದ್ದರೆ ಟೈಮ್ ಹೆಚ್ಚಿದ ಹಾಗೆ ಟ್ರಿಪ್ ಮೇಲಿನ ಫ್ರೀಕ್ವೆನ್ಸಿಗೆ ಸರಿಯಬೇಕಿತ್ತು, ಇಲ್ಲ ಮಾಯವಾಗಬೇಕಿತ್ತು. ಜಾಗ ಬಿಟ್ಟು ಕದಲದ ಟ್ರಿಪ್‌ಗೆ ಟೈಮ್ ಔಷಧಿ ಅಲ್ಲ.

ಹಾಗಾದರೆ ಕೇಬಲ್ಲಾ? ಕೇಬಲ್ಲಿನಲ್ಲಿ ಶಾರ್ಟ್ ಅಥವಾ ಅರ್ತ್ ಫಾಲ್ಟ್ ಇದ್ದರೆ ಡ್ರೈವ್ ಸಾಮಾನ್ಯವಾಗಿ 3 ಹರ್ಟ್ಝ್ ತನಕ ಕಾಯಲ್ಲ, ಸ್ಟಾರ್ಟ್ ಒತ್ತಿದ ಕ್ಷಣವೇ ಬೀಳುತ್ತೆ. ಕೇಬಲ್ ತುಂಬಾ ಉದ್ದ ಇದ್ದರೆ ಪ್ರತಿ ಸ್ವಿಚಿಂಗ್‌ಗೂ ಅದರ ಕೆಪಾಸಿಟೆನ್ಸ್ ಚಾರ್ಜ್ ಆಗಬೇಕು. ಆ ಕರೆಂಟ್ ಲೋಡ್ ಇದ್ದರೂ ಇಲ್ಲದಿದ್ದರೂ ಒಂದೇ. ಊಹೆ ಮಾಡೋದಕ್ಕಿಂತ ಬಿಚ್ಚಿ ನೋಡೋದು ಸುಲಭ. ಪವರ್ ಆಫ್ ಮಾಡಿ, ಮ್ಯಾನುಯಲ್ ಹೇಳಿದಷ್ಟು ನಿಮಿಷ ಕಾದು, ಡಿಸಿ ಬಸ್ ವೋಲ್ಟೇಜ್ ಇಳಿದಿದೆಯಾ ಅಂತ ಮೀಟರ್‌ನಲ್ಲಿ ಅಳೆದ ಮೇಲೇ ಕೈ ಹಾಕಬೇಕು. ಮೊದಲು ಔಟ್‌ಪುಟ್ ಟರ್ಮಿನಲ್‌ನಲ್ಲಿ ಏನೂ ಇಲ್ಲದೆ ಡ್ರೈವ್ ಓಡಿಸಿ. ಆಗಲೂ ಓವರ್‌ಕರೆಂಟ್ ಬಂದರೆ ಡ್ರೈವೇ ಕೆಟ್ಟಿದೆ. ಆಮೇಲೆ ಕೇಬಲ್ ಮಾತ್ರ ಸೇರಿಸಿ, ಮೋಟಾರ್ ತುದಿಯನ್ನು ಸುರಕ್ಷಿತವಾಗಿ ಮುಚ್ಚಿ, ಓಡಿಸಿ. ಆಮೇಲೆ ಬೆಲ್ಟ್ ಬಿಚ್ಚಿದ ಮೋಟಾರ್. ಕೊನೆಗೆ ಲೋಡ್. (ಈ ಪರೀಕ್ಷೆಗೆ ಔಟ್‌ಪುಟ್ ಫೇಸ್ ಲಾಸ್ ರಕ್ಷಣೆಯನ್ನು ತಾತ್ಕಾಲಿಕವಾಗಿ ಆಫ್ ಮಾಡಬೇಕಾಗಬಹುದು. ಕೇಬಲ್ಲಿಗೆ ಮೆಗ್ಗರ್ ಹಾಕೋದಾದರೆ ಡ್ರೈವ್‌ನಿಂದ ಪೂರ್ತಿ ಬಿಚ್ಚಿಯೇ ಹಾಕಿ, ಇಲ್ಲದಿದ್ದರೆ ಡ್ರೈವೂ ಹೋಗುತ್ತೆ.)

ನಮ್ಮ ಕೇಸ್‌ನಲ್ಲಿ ಡ್ರೈವ್ ಪಾಸ್, ಕೇಬಲ್ ಪಾಸ್. ಬೆಲ್ಟ್ ಬಿಚ್ಚಿದ ಮೋಟಾರ್ ಟ್ರಿಪ್ ಆಗಲ್ಲ, ಆದರೆ 3 ಹರ್ಟ್ಝ್‌ನಲ್ಲಿ 25 ಆಂಪ್ ಎಳೆಯುತ್ತೆ. ಲೋಡೇ ಇಲ್ಲದ 15 ಆಂಪ್ ಮೋಟಾರ್‌ಗೆ 25 ಆಂಪ್ ಯಾಕೆ ಬೇಕು? ಸೆಟ್ಟಿಂಗ್ ತೆಗೆದು ನೋಡಿದರೆ ಟಾರ್ಕ್ ಬೂಸ್ಟ್ ಶೇ. 10 ಇದೆ. ಈ ಸೈಜ್ ಡ್ರೈವ್‌ಗೆ ಶೇ. 3ರ ಆಸುಪಾಸು ಸಾಕು.

ಲೆಕ್ಕ ಸರಳ. ಮೋಟಾರ್ ಸಹಜವಾಗಿ ಬಯಸೋದು 415 / 50, ಅಂದರೆ ಹರ್ಟ್ಝ್‌ಗೆ 8.3 ವೋಲ್ಟ್. 3 ಹರ್ಟ್ಝ್‌ನಲ್ಲಿ ಅದು 25 ವೋಲ್ಟ್. ಬೂಸ್ಟ್ ಸೇರಿ ಈಗ ಹೋಗ್ತಿರೋದು ಸುಮಾರು 60 ವೋಲ್ಟ್, ಎರಡು ಪಟ್ಟಿಗಿಂತ ಜಾಸ್ತಿ. ಅದರಲ್ಲಿ ಒಂದಿಷ್ಟು ವೈಂಡಿಂಗ್ ರೆಸಿಸ್ಟೆನ್ಸ್‌ನಲ್ಲಿ ಕಳೆದರೂ ಉಳಿದದ್ದು ಕೋರನ್ನು ಸ್ಯಾಚುರೇಟ್ ಮಾಡುತ್ತೆ, ಕರೆಂಟ್ ಟಾರ್ಕ್ ಕೊಡದೆ ಬರೀ ಶಾಖ ಕೊಡುತ್ತೆ. ಇಂಥ ಕಡೆ ಟೈಮ್ ಹೆಚ್ಚಿಸಿದರೆ ಕಷ್ಟ ಹೆಚ್ಚುತ್ತೆ: 5 ಸೆಕೆಂಡ್ ಇದ್ದಾಗ 3 ಹರ್ಟ್ಝ್ ದಾಟೋಕೆ 0.3 ಸೆಕೆಂಡ್ ಸಾಕು, 20 ಮಾಡಿದರೆ 1.2 ಸೆಕೆಂಡ್ ಅದೇ ಕೆಟ್ಟ ಜಾಗದಲ್ಲಿ ನಿಲ್ಲಿಸಿದ ಹಾಗೆ.

ಇನ್ನೊಂದು ಸೆಟ್ಟಿಂಗ್ ಕೂಡ ಬದಲಾಗಿರುತ್ತೆ. ವೇಗ ಏರುವಾಗ ಕರೆಂಟ್ ಶೇ. 150 ಮುಟ್ಟಿದರೆ ಫ್ರೀಕ್ವೆನ್ಸಿಯನ್ನು ಅಲ್ಲೇ ಹಿಡಿದು ನಿಲ್ಲಿಸುವ ಸ್ಟಾಲ್ ಪ್ರಿವೆನ್ಷನ್ ಅನ್ನೋದು ಬಹಳ ಡ್ರೈವ್‌ಗಳಲ್ಲಿ ಇದೆ. ಇಲ್ಲಿ ಅದನ್ನು ಯಾರೋ 200ಕ್ಕೆ ಏರಿಸಿದ್ದಾರೆ. ಹಾಗಾಗಿ ಅದು ತಡೆಯೋ ಮೊದಲೇ ಟ್ರಿಪ್ ಬರುತ್ತೆ.

ಬೂಸ್ಟನ್ನು 3ಕ್ಕೆ, ಸ್ಟಾಲ್ ಪ್ರಿವೆನ್ಷನ್ನನ್ನು 150ಕ್ಕೆ ಇಳಿಸಿದರೆ ಲೋಡಿಲ್ಲದ ಕರೆಂಟ್ 8 ಆಂಪ್ ಹತ್ತಿರ ಬರುತ್ತೆ, ಖಾಲಿ ಎಲಿವೇಟರ್ ಸಲೀಸಾಗಿ ಏಳುತ್ತೆ. ಆದರೆ ಭತ್ತ ತುಂಬಿದ ಎಲಿವೇಟರ್ ಏಳಲ್ಲ! ಟ್ರಿಪ್ ಆಗದೆ 3 ಹರ್ಟ್ಝ್‌ನಲ್ಲೇ ಒದ್ದಾಡುತ್ತೆ. ಆಗ ಕಥೆ ಪೂರ್ತಿ ಅರ್ಥ ಆಗುತ್ತೆ. ಕರೆಂಟ್ ಹೋದಾಗ ಬಕೆಟ್‌ಗಳು ತುಂಬಿಕೊಂಡೇ ನಿಂತಿರ್ತವೆ, ಕೆಳಗಿನ ಗುಂಡಿಯಲ್ಲೂ ಭತ್ತ ಕೂತಿರುತ್ತೆ. ಅದನ್ನು ಎಬ್ಬಿಸೋಕೆ ಅಂತಲೇ ಯಾರೋ ಬೂಸ್ಟ್ ಏರಿಸಿದ್ದು. ಸರಿಯಾದ ದಾರಿ ಎರಡು: ಸ್ಟಾರ್ಟ್‌ಗೆ ಮೊದಲು ಗುಂಡಿಯ ಭತ್ತ ತೆಗೆಯೋದು, ಇಲ್ಲ ಮೋಟಾರ್ ಪ್ಲೇಟಿನ ಅಂಕಿ ಹಾಕಿ, ಆಟೋ ಟ್ಯೂನಿಂಗ್ ಮಾಡಿ, ಸೆನ್ಸರ್‌ಲೆಸ್ ವೆಕ್ಟರ್ ಮೋಡ್‌ಗೆ ಹೋಗೋದು. ಎರಡನೆಯದಕ್ಕೂ ಮಿತಿ ಇದೆ, ಡ್ರೈವ್ ಕರೆಂಟ್ ಸಾಲದಿದ್ದರೆ ದೊಡ್ಡ ಡ್ರೈವೇ ಬೇಕು.

ನಮ್ಮ ಲ್ಯಾಬ್ ಮೋಟಾರ್‌ಗೆ ಲೋಡ್ ಇಲ್ಲ, ಕೇಬಲ್ ಎರಡು ಮೀಟರ್. ಅದು ಯಾವತ್ತೂ ಟ್ರಿಪ್ ಆಗಲ್ಲ. ಫ್ರೀಕ್ವೆನ್ಸಿ ಮತ್ತು ವೇಗದ ಗ್ರಾಫ್ ನೇರ ಗೆರೆ ಬರುತ್ತೆ ಅಂತ ಎಲ್ಲರಿಗೂ ಮೊದಲೇ ಗೊತ್ತು. ಅದರ ಜೊತೆಗೆ ಇನ್ನೊಂದೇ ಟೇಬಲ್ ಸೇರಿಸಿ ಅಂತ ನಾವು ಕೇಳ್ತೀವಿ: 3 ಹರ್ಟ್ಝ್‌ನಲ್ಲಿ ನಿಲ್ಲಿಸಿ, ಬೂಸ್ಟನ್ನು ಶೇ. 1ರಂತೆ ಏರಿಸುತ್ತಾ, ರೇಟೆಡ್ ಕರೆಂಟ್ ದಾಟದ ಹಾಗೆ ರೀಡಿಂಗ್ ಬರೆದುಕೊಳ್ಳೋದು. ಹದಿನೈದು ನಿಮಿಷದ ಕೆಲಸ. ಲೋಡ್ ಇಲ್ಲದೆಯೂ ಕರೆಂಟ್ ಏರೋದನ್ನು ಒಮ್ಮೆ ಕಣ್ಣಾರೆ ಕಂಡವರು, ಮುಂದೆ E.OC1 ಕಂಡಾಗ ರೀಸೆಟ್ ಬಟನ್‌ಗಿಂತ ಮೊದಲು ಫಾಲ್ಟ್ ಹಿಸ್ಟರಿ ತೆರೀತಾರೆ.