ನೋರಾ ‘ನೀನು’ ಎನ್ನಬೇಕೆ?

ಇಬ್ಸೆನ್ನನ ‘ಎ ಡಾಲ್ಸ್ ಹೌಸ್’ (1879) ನಾಟಕವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರಿಗೆ ಮೊದಲ ಪುಟಗಳಲ್ಲೇ ತೊಡಕೊಂದು ಎದುರಾಗುತ್ತದೆ. ಅಲ್ಲಿ ಗಂಡಹೆಂಡಿರಿಬ್ಬರಿಗೂ ಒಂದೇ ‘ಯೂ’. ನಮ್ಮಲ್ಲಿ ಟೋರ್ವಾಲ್ಡ್ ‘ನೀನು’ ಎಂದರೆ ನೋರಾ ‘ನೀವು’ ಎನ್ನುವುದೇ ವಾಡಿಕೆ. ಸರ್ವನಾಮವನ್ನು ಕೈಬಿಟ್ಟು ಪಾರಾಗುವಂತೆಯೂ ಇಲ್ಲ. ‘ಬಂದೆಯಾ’, ‘ಬಂದಿರಾ’ ಎಂಬ ಕ್ರಿಯಾಪದವೇ ಗುಟ್ಟನ್ನು ಬಿಟ್ಟುಕೊಡುತ್ತದೆ.

ಮನೆ ಬಿಟ್ಟು ಹೊರಡುವ ಕೊನೆಯ ದೃಶ್ಯದಲ್ಲಾದರೂ ನೋರಾ ‘ನೀನು’ ಎನ್ನಲಿ, ಬಂಡಾಯ ಎದ್ದುಕಾಣುತ್ತದೆ ಎಂದು ವಾದಿಸಬಹುದು. ನಾವು ಒಪ್ಪುವುದಿಲ್ಲ. ಹೆಂಡತಿಯ ಬಾಯಲ್ಲಿ ಆ ‘ನೀನು’ ಬೈಗುಳವಾಗಿಯೋ ಸಲಿಗೆಯಾಗಿಯೋ ಕೇಳಿಸುತ್ತದೆ. ನೋರಾಳದು ಎರಡೂ ಅಲ್ಲ. ಎಂಟು ವರ್ಷ ಅಪರಿಚಿತನೊಡನೆ ಬಾಳಿದೆನೆಂಬುದನ್ನು ಅವಳು ಶಾಂತವಾಗಿ ಹೇಳುತ್ತಿದ್ದಾಳೆ. ಅಪರಿಚಿತರಿಗೆ ನಾವು ಅನ್ನುವುದೂ ‘ನೀವು’ ಎಂದೇ.

ಆದ್ದರಿಂದ ‘ನೀವು’ ಉಳಿಯಲಿ, ‘ರೀ’ ಮಾತ್ರ ಅಳಿಯಲಿ. ‘ರೀ, ಇಲ್ಲಿ ಬನ್ನಿ’ ಎನ್ನುತ್ತಿದ್ದವಳು ‘ಟೋರ್ವಾಲ್ಡ್, ಕುಳಿತುಕೊಳ್ಳಿ’ ಎಂದರೆ ಸಾಕು. ಗೌರವದ ಮಾತೇ ದೂರದ ಮಾತಾಗುತ್ತದೆ. ನಾರ್ವೇಜಿಯನ್ ಮೂಲದಲ್ಲಿ ಇಬ್ಬರದೂ ಏಕವಚನವೇ. ಆ ಸಮಾನತೆ ಇಲ್ಲಿ ಕೈತಪ್ಪುತ್ತದೆ. ಅದು ಈ ಆಯ್ಕೆಯ ಮಿತಿ. ಆದರೂ ಕನ್ನಡದ ಕಿವಿಗೆ ಬಾಗಿಲು ಮುಚ್ಚಿದ ಸದ್ದು ಕೇಳಿಸುವುದು ಹೀಗೆಯೇ.