ತಲೆಕೆಳಗಾಗಿ ನಿಂತ ಅರ್ಧ ಗಂಟೆ

ರೈಡ್ ಮಧ್ಯದಲ್ಲೇ ನಿಂತು ಜನ ತಲೆಕೆಳಗಾಗಿ ನೇತಾಡೋ ವಿಡಿಯೋ ನಿಮ್ಮ ವಾಟ್ಸಾಪ್ ಗ್ರೂಪ್‌ಗೂ ಬಂದಿರುತ್ತೆ. ನಾವು ನೋಡ್ತೀವಿ, "ಅಯ್ಯೋ ದೇವ್ರೇ" ಅಂತೀವಿ, ಫಾರ್ವರ್ಡ್ ಮಾಡ್ತೀವಿ. ಮರುದಿನ ಪಾರ್ಕ್‌ನವರು ಒಂದು ಹೇಳಿಕೆ ಬಿಡುಗಡೆ ಮಾಡ್ತಾರೆ, ಅದನ್ನು ಮಾತ್ರ ಯಾರೂ ಓದಲ್ಲ. ನನಗೆ ಆ ಹೇಳಿಕೆ ಓದೋದೇ ಆಸಕ್ತಿ. ವಿಡಿಯೋದಲ್ಲಿ ಕಾಣದ ವಿಷಯವೆಲ್ಲ ಅಲ್ಲಿರುತ್ತೆ. ಕೆಲವು ಸಲ, ಅಲ್ಲಿ ಇಲ್ಲದಿರೋದೇ ಮುಖ್ಯ ವಿಷಯ.

ಈ ಸಲ ಒಂದೇ ಪ್ರಕರಣ ತಗೊಳ್ಳೋಣ. 2024ರ ಜೂನ್ 14, ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್. ಅಲ್ಲಿನ ಓಕ್ಸ್ ಪಾರ್ಕ್ 1905ರಲ್ಲಿ ಶುರುವಾದ ಹಳೇ ಮನೋರಂಜನಾ ಪಾರ್ಕ್. ಅದರಲ್ಲಿ 'ಆಟ್ಮಾಸ್‌ಫಿಯರ್' ಅನ್ನೋ ರೈಡ್ ಇತ್ತು. ಗೋಡೆ ಗಡಿಯಾರದ ಲೋಲಕ ನೆನಪಿಸಿಕೊಳ್ಳಿ. ಉದ್ದನೆ ತೋಳಿನ ತುದಿಯಲ್ಲಿ ಸೀಟುಗಳು. ತೋಳು ಹಿಂದೆ ಮುಂದೆ ತೂಗುತ್ತಾ ಪ್ರತಿ ಸಲ ಇನ್ನಷ್ಟು ಮೇಲೇರುತ್ತೆ, ಕೊನೆಗೆ ಪೂರ್ತಿ ಸುತ್ತು ಹೊಡೆಯುತ್ತೆ. ಆ ಮಧ್ಯಾಹ್ನ ಸುಮಾರು ಮೂರು ಗಂಟೆಗೆ, ಸುತ್ತಿನ ತುತ್ತತುದಿಯಲ್ಲಿ, ತೋಳು ನಿಂತುಬಿಟ್ಟಿತು. 28 ಜನ, ಕಾಲು ಮೇಲೆ ತಲೆ ಕೆಳಗೆ.

ಮೊದಲನೇ ಪ್ರಶ್ನೆ: ಕೆಳಗೆ ಬೀಳೋದು ಬಿಟ್ಟು ಮೇಲೇ ಯಾಕೆ ನಿಲ್ತು?

ಕೈಗಾರಿಕಾ ಯಂತ್ರಗಳ ಹತ್ತಿರ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತೆ. ಇಂಥ ಯಂತ್ರಗಳಲ್ಲಿ ಬ್ರೇಕ್ ಸಾಮಾನ್ಯವಾಗಿ ನಮ್ಮ ಕಾರಿನ ಬ್ರೇಕ್‌ಗೆ ತದ್ವಿರುದ್ಧ. ಕಾರಲ್ಲಿ ನಾವು ತುಳಿದಾಗ ಬ್ರೇಕ್ ಹಿಡಿಯುತ್ತೆ. ಇಲ್ಲಿ ಸ್ಪ್ರಿಂಗ್ ಬ್ರೇಕನ್ನು ಯಾವಾಗಲೂ ಹಿಡಿದೇ ಇಟ್ಟಿರುತ್ತೆ, ಕರೆಂಟೋ ಗಾಳಿಯ ಒತ್ತಡವೋ ಅದನ್ನು ಬಿಡಿಸಿ ಇಟ್ಟಿರುತ್ತೆ. ಕರೆಂಟ್ ಹೋದರೆ, ವೈರ್ ತುಂಡಾದರೆ, ಒಂದು ಸೆನ್ಸರ್ 'ಎಲ್ಲ ಸರಿ' ಅನ್ನೋ ಸಿಗ್ನಲ್ ಕಳಿಸೋದು ನಿಲ್ಲಿಸಿದರೆ, ಬ್ರೇಕ್ ತಾನಾಗಿ ಹಿಡ್ಕೊಳ್ಳುತ್ತೆ. ಅನುಮಾನ ಬಂದರೆ ನಿಲ್ಲು, ಅಷ್ಟೇ ಯಂತ್ರಕ್ಕೆ ಗೊತ್ತು. ಭುಜದ ಮೇಲೆ ಬರೋ ಹಾರ್ನೆಸ್‌ದೂ ಸಾಮಾನ್ಯವಾಗಿ ಇದೇ ಲೆಕ್ಕ. ಲಾಕ್ ಬಿಚ್ಚೋಕೆ ಶಕ್ತಿ ಬೇಕು, ಹಿಡಿದಿಟ್ಟುಕೊಳ್ಳೋಕೆ ಬೇಡ.

ಹಾಗಾಗಿ ರೈಡ್ ನಿಂತಿತು ಅಂದರೆ ಸುರಕ್ಷತಾ ವ್ಯವಸ್ಥೆ ಕೈಕೊಟ್ಟಿತು ಅಂತಲೇ ಅರ್ಥ ಅಲ್ಲ. ಬಹಳಷ್ಟು ಸಲ ಅದು ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ. ಆದರೆ ಇಲ್ಲೊಂದು ತೊಡಕಿದೆ. ರೋಲರ್ ಕೋಸ್ಟರ್ ಹತ್ತೋ ಇಳಿಜಾರಿನಲ್ಲಿ ನಿಂತರೆ ಜನ ಕೂತೇ ಇರ್ತಾರೆ, ಪಕ್ಕದ ಮೆಟ್ಟಿಲಲ್ಲಿ ಇಳಿಸಬಹುದು. ಪೂರ್ತಿ ಸುತ್ತು ಹೊಡೆಯೋ ರೈಡ್‌ಗೆ 'ನಿಲ್ಲು' ಅನ್ನೋದು ಎಲ್ಲ ಜಾಗದಲ್ಲೂ ಸುರಕ್ಷಿತ ಉತ್ತರ ಅಲ್ಲ. ಯಂತ್ರ ಸುರಕ್ಷಿತವಾಗಿದೆ, ಮನುಷ್ಯ ಅಲ್ಲ. ತಲೆಕೆಳಗಾಗಿ ನೇತಾಡಿದಷ್ಟು ಹೊತ್ತು ರಕ್ತ ತಲೆಗೆ ಇಳಿಯುತ್ತೆ, ಕಣ್ಣಿನೊಳಗಿನ ಒತ್ತಡ ಏರುತ್ತೆ, ಇಡೀ ದೇಹದ ಭಾರ ಭುಜ ಮತ್ತು ತೊಡೆ ಮೇಲಿನ ಪಟ್ಟಿಗಳ ಮೇಲೆ ಕೂರುತ್ತೆ. ಆರೋಗ್ಯವಂತರು ಅರ್ಧ ಗಂಟೆ ತಡ್ಕೊಳ್ಳಬಹುದು. ಹೃದಯದ ತೊಂದರೆ ಇರೋರಿಗೆ ಆ ಲೆಕ್ಕ ಬೇರೆ.

ಈಗ ಪಾರ್ಕ್‌ನವರ ಹೇಳಿಕೆಗೆ ಬರೋಣ. ಅದರ ಸಾರ ಇಷ್ಟು: ರೈಡ್ ನಿಂತ ತಕ್ಷಣ 911ಕ್ಕೆ ಕರೆ ಮಾಡಿದೆವು, ಪಾರ್ಕ್ ಖಾಲಿ ಮಾಡಿಸಿದೆವು. ತುರ್ತು ಸಿಬ್ಬಂದಿ ಸುಮಾರು 25 ನಿಮಿಷದಲ್ಲಿ ಬಂದರು, ಅವರು ಬಂದ ಕೆಲವೇ ನಿಮಿಷಕ್ಕೆ ನಮ್ಮ ಸಿಬ್ಬಂದಿ ರೈಡನ್ನು ಕೆಳಗೆ ತಂದರು. 2021ರಿಂದ ಈ ರೈಡ್‌ನಲ್ಲಿ ಯಾವ ಅವಘಡವೂ ಆಗಿರಲಿಲ್ಲ. ಮುಂದಿನ ಸೂಚನೆವರೆಗೆ ಮುಚ್ಚಿರುತ್ತೆ, ತಯಾರಕರು ಮತ್ತು ರಾಜ್ಯದ ಇನ್‌ಸ್ಪೆಕ್ಟರ್‌ಗಳ ಜೊತೆ ಸೇರಿ ಕಾರಣ ಪರಿಶೀಲಿಸ್ತೇವೆ. ಕೆಳಗಿಳಿದ ಎಲ್ಲರಿಗೂ ವೈದ್ಯಕೀಯ ತಪಾಸಣೆ ಆಯ್ತು. ಮೊದಲೇ ಆರೋಗ್ಯ ಸಮಸ್ಯೆ ಇದ್ದ ಒಬ್ಬರನ್ನು ಮುನ್ನೆಚ್ಚರಿಕೆಗೆ ಆಸ್ಪತ್ರೆಗೆ ಕಳಿಸಿದರು.

ಇದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು 'ಕೈಯಾರೆ ಕೆಳಗೆ ತಂದರು' ಅನ್ನೋದು. ಅಗ್ನಿಶಾಮಕ ದಳದವರೂ ಅದನ್ನೇ ಹೇಳಿದ್ದಾರೆ: ಪಾರ್ಕ್‌ನ ಎಂಜಿನಿಯರ್‌ಗಳ ಜೊತೆ ಸೇರಿ ರೈಡನ್ನು ಕೈಯಾರೆ ಇಳಿಸಿದೆವು, ಅದು ಆಗದಿದ್ದರೆ ಹಗ್ಗ ಕಟ್ಟಿ ಒಬ್ಬೊಬ್ಬರನ್ನೇ ಇಳಿಸೋಕೂ ಸಿದ್ಧರಾಗಿದ್ದೆವು. ಕೈಯಾರೆ ಅಂದರೆ ಮೋಟಾರ್‌ಗೆ ಮತ್ತೆ 'ಸ್ಟಾರ್ಟ್' ಒತ್ತೋದಲ್ಲ. ಯಾಕೆ ನಿಂತಿದೆ ಅಂತ ಗೊತ್ತಿಲ್ಲದೆ ರೀಸೆಟ್ ಒತ್ತೋದು ದೊಡ್ಡ ಅಪಾಯ. ಹಾಗಾಗಿ ಬ್ರೇಕನ್ನು ಹತೋಟಿಯಲ್ಲಿಟ್ಟು ಸ್ವಲ್ಪ ಸ್ವಲ್ಪ ಬಿಟ್ಟು, ತೋಳು ತನ್ನದೇ ಭಾರಕ್ಕೆ ನಿಧಾನವಾಗಿ ಇಳಿಯೋ ಹಾಗೆ ಮಾಡೋದು ಇಂಥ ಕಡೆಯ ಸಾಮಾನ್ಯ ದಾರಿ. ಈ ಕೆಲಸ ಬರೋ ಮನುಷ್ಯ ಅಲ್ಲೇ, ಆ ಶಿಫ್ಟ್‌ನಲ್ಲೇ ಇರಬೇಕು. ಇಲ್ಲದಿದ್ದರೆ?

ಇಲ್ಲದಿದ್ದರೆ ಏನಾಗುತ್ತೆ ಅನ್ನೋಕೆ ಹಿಂದಿನ ವರ್ಷದ ಇನ್ನೊಂದು ಘಟನೆ ನೋಡಿ. 2023ರ ಜುಲೈ 2, ವಿಸ್ಕಾನ್ಸಿನ್ ರಾಜ್ಯದ ಕ್ರ್ಯಾಂಡನ್ ಅನ್ನೋ ಸಣ್ಣ ಊರು, ನಮ್ಮ ಜಾತ್ರೆ ತರಹದ ಒಂದು ಹಬ್ಬ. 'ಫೈರ್‌ಬಾಲ್' ಅನ್ನೋ ವೃತ್ತಾಕಾರದ ರೋಲರ್ ಕೋಸ್ಟರ್‌ನ ಗಾಡಿ ತುತ್ತತುದಿಯಲ್ಲಿ ಸಿಕ್ಕಿಕೊಂಡಿತು. ಎಂಟು ಜನ, ಹೆಚ್ಚಿನವರು ಮಕ್ಕಳು. ಅವರು ತಲೆಕೆಳಗಾಗಿ ಇದ್ದದ್ದು ಮೂರು ಗಂಟೆಗೂ ಹೆಚ್ಚು. ಗಾಡಿಯನ್ನು ಇಳಿಸೋಕಾಗಲಿಲ್ಲ, ಜನರನ್ನೇ ಇಳಿಸಬೇಕಾಯ್ತು. ಅಷ್ಟು ಎತ್ತರಕ್ಕೆ ಬೇಕಾದ ಉಪಕರಣ ಬೇರೆ ಊರಿನ ಅಗ್ನಿಶಾಮಕ ದಳದಿಂದ ಬರಬೇಕಾಯ್ತು. ರಕ್ಷಣಾ ಸಿಬ್ಬಂದಿ ಮೇಲೆ ಹತ್ತಿ ಒಬ್ಬೊಬ್ಬರನ್ನೂ ಕಟ್ಟಿ ಇಳಿಸಿದರು. ಅರ್ಧ ಗಂಟೆಗೂ ಮೂರು ಗಂಟೆಗೂ ಇರೋ ವ್ಯತ್ಯಾಸ ಇಲ್ಲಿದೆ.

ಇನ್ನೊಂದು ವಿಷಯ. ಫೈರ್‌ಬಾಲ್‌ಗೆ ಇತ್ತೀಚೆಗಷ್ಟೇ ಅದೇ ಜಾಗದಲ್ಲಿ ರಾಜ್ಯದ ತಪಾಸಣೆ ಆಗಿತ್ತು ಅಂತ ಅಲ್ಲಿನ ಅಗ್ನಿಶಾಮಕ ಅಧಿಕಾರಿ ಹೇಳಿದ್ದರು. ಆದರೂ ಯಾಂತ್ರಿಕ ದೋಷ ಬಂತು. ಹಾಗಾದ್ರೆ ತಪಾಸಣೆ ಸುಳ್ಳಾ? ಸುಳ್ಳೇ ಆಗಬೇಕಿಲ್ಲ. ತಪಾಸಣೆ ಆ ದಿನದ ಒಂದು ಫೋಟೋ ಇದ್ದ ಹಾಗೆ. ವೆಲ್ಡಿಂಗ್‌ನಲ್ಲಿ ಬಿರುಕು ಇದೆಯಾ, ಬೋಲ್ಟ್ ಸಡಿಲವಾಗಿದೆಯಾ, ಲಾಕ್ ಕೂರುತ್ತಾ ಅಂತ ಅದು ಹೇಳುತ್ತೆ. ಒಮ್ಮೆ ಬಂದು ಮರೆಯಾಗೋ ಸೆನ್ಸರ್ ದೋಷವನ್ನು ಅದು ಹಿಡಿಯೋದು ಕಷ್ಟ. ಅದನ್ನು ಹಿಡಿಯೋದು ದಿನನಿತ್ಯದ ಲಾಗ್‌ಬುಕ್. ಕಳೆದ ವಾರ ಇದೇ ರೈಡ್ ಎರಡು ಸಲ ಸುಮ್ಮನೆ ನಿಂತಿತ್ತಾ? ಆಗ ರೀಸೆಟ್ ಮಾಡಿ ಮುಂದೆ ಓಡಿಸಿದರಾ, ಕಾರಣ ಬರೆದಿಟ್ಟರಾ?

ಆದ್ದರಿಂದ ಮುಂದಿನ ಸಲ ಇಂಥ ಹೇಳಿಕೆ ಓದುವಾಗ 'ನಿಯಮಿತವಾಗಿ ತಪಾಸಣೆ ಮಾಡ್ತೇವೆ' ಅನ್ನೋ ಸಾಲಿನಲ್ಲೇ ನಿಲ್ಲಬೇಡಿ. ನಿಂತಿದ್ದು ಎಷ್ಟು ಗಂಟೆಗೆ, ಎಲ್ಲರೂ ನೆಲ ಮುಟ್ಟಿದ್ದು ಎಷ್ಟು ಗಂಟೆಗೆ ಅಂತ ನೋಡಿ. ಇಳಿಸಿದ್ದು ಪಾರ್ಕ್‌ನವರಾ, ಹೊರಗಿನವರಾ ನೋಡಿ. ನಿಲ್ಲಿಸಿದ ಭಾಗ ಯಾವುದು ಅಂತ ಹೆಸರಿದೆಯಾ, ಬರೀ 'ತಾಂತ್ರಿಕ ಕಾರಣ' ಅಂತಿದೆಯಾ ನೋಡಿ. ಮತ್ತೆ ತೆರೆಯೋಕೆ ಒಪ್ಪಿಗೆ ಕೊಡೋರು ಅವರೇನಾ, ಹೊರಗಿನ ಇನ್‌ಸ್ಪೆಕ್ಟರಾ ಅನ್ನೋದನ್ನೂ ನೋಡಿ. ಪೋರ್ಟ್‌ಲೆಂಡ್‌ನವರ ಆರಂಭದ ಹೇಳಿಕೆಯಲ್ಲಿ ಕಾರಣ ಇರಲಿಲ್ಲ, ಅವತ್ತೇ ಇರೋಕೆ ಸಾಧ್ಯವೂ ಇರಲಿಲ್ಲ. ಮೊದಲ ಎರಡಕ್ಕೆ ಉತ್ತರ ಇತ್ತು.

ಅಕಸ್ಮಾತ್ ಆ ಸೀಟಿನಲ್ಲಿ ನೀವೇ ಇದ್ದರೆ? ಹಾರ್ನೆಸ್ ಬಿಚ್ಚೋಕೆ ಮಾತ್ರ ಹೋಗಬೇಡಿ, ನಿಮ್ಮನ್ನು ಹಿಡಿದಿರೋದು ಅದೊಂದೇ. ಜೇಬಿನಿಂದ ಫೋನ್ ತೆಗೆಯಬೇಡಿ, ಕೆಳಗೆ ನಿಮ್ಮನ್ನು ಇಳಿಸೋಕೆ ಬಂದವರ ತಲೆ ಇರುತ್ತೆ. ಪಕ್ಕದಲ್ಲಿ ಕೂತವರಿಗೆ ಎದೆನೋವು, ತಲೆಸುತ್ತು ಅಂದ್ರೆ ಜೋರಾಗಿ ಕೂಗಿ ಹೇಳಿ. ಮೊದಲು ಯಾರನ್ನು ನೋಡಿಕೊಳ್ಳಬೇಕು ಅನ್ನೋದು ಕೆಳಗಿರೋರಿಗೆ ಗೊತ್ತಾಗೋದು ಹಾಗೇನೇ.