ಭಾಗ 3: ಧೂಳಿನ ಮೇಲೆ ತಪ್ಪು ಹಾಕಬೇಡ್ರಿ, ಎಣ್ಣೆ ಹಚ್ಚೋ ಟೈಮ್ ನೋಡ್ರಿ

ಹಣೆ ಮೇಲೆ ಮೊಡವೆ ಬಂದ್ರೆ ಸಂಡೂರಿನವರು ಗಣಿ ಧೂಳು ಅಂತಾರೆ, ಹೊಸಪೇಟೆಯವರು ಬಿಸಿಲು ಅಂತಾರೆ. ಆದ್ರೆ ಧೂಳು, ಬಿಸಿಲು ಎರಡೂ ಇಡೀ ಮುಖಕ್ಕೆ ಬೀಳುತ್ತವೆ. ಮೊಡವೆ ಮಾತ್ರ ಕೂದಲು ಶುರುವಾಗೋ ಅಂಚಲ್ಲಿ, ಕಿವಿ ಮುಂದೆ ಸಾಲಾಗಿ ಇದ್ರೆ ಮೊದಲ ಅನುಮಾನ ತಲೆಗೆ ಹಚ್ಚೋದರ ಮೇಲೆ ಬರಬೇಕು.

ಇದು ಹೊಸ ವಿಷಯ ಅಲ್ಲ. ದಿನಾ ತಲೆಗೆ ಪೊಮೇಡ್ ಹಚ್ಚೋರ ಹಣೆ ನೋಡಿ ಅಮೆರಿಕದ ಚರ್ಮವೈದ್ಯರು 1970ರಲ್ಲೇ 'ಪೊಮೇಡ್ ಆಕ್ನೆ' ಅಂತ ಬರೆದಿದ್ದಾರೆ. ಎಣ್ಣೆ, ವ್ಯಾಕ್ಸ್, ಸೀರಮ್ ಬೆವರಿನ ಜೊತೆ ಹಣೆಗೆ ಇಳಿದು ಚರ್ಮದ ರಂಧ್ರ ಮುಚ್ಚುತ್ತೆ. ಹೆಚ್ಚಾಗಿ ಕೆಂಪಗೆ ಊದಲ್ಲ, ಒಂದೇ ಅಳತೆಯ ಸಣ್ಣ ಗುಳ್ಳೆ, ಕಪ್ಪು ಚುಕ್ಕೆ. ಕೈಯಾಡಿಸಿದ್ರೆ ರವೆ ರವೆ ಅನ್ಸುತ್ತೆ.

ನಮ್ಮ ಕ್ಲಾಸಿನ ಒಬ್ಬಳು ಕಂಪ್ಲಿಯಿಂದ ಬಸ್ಸಿಗೆ ಬರ್ತಾಳೆ. ದಿನಾ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿ, ಸಂಜೆವರೆಗೂ ಹಾಗೇ ಇರ್ತಿದ್ಲು. ಫೇಸ್‌ವಾಶ್ ಮೂರು ಸಲ ಬದಲಾಯಿಸಿದ್ರೂ ಏನೂ ಆಗಲಿಲ್ಲ. ಆಮೇಲೆ ಎಣ್ಣೆ ಬಿಡಲಿಲ್ಲ, ಟೈಮ್ ಬದಲಾಯಿಸಿದ್ಲು. ವಾರಕ್ಕೆ ಎರಡು ಸಲ, ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚೋದು, ಅದೂ ಹಣೆಯಿಂದ ಎರಡು ಬೆರಳು ದೂರ ಬಿಟ್ಟು. ಶಾಂಪೂ, ಕಂಡೀಷನರ್ ಎಲ್ಲಾ ತೊಳೆದ ಮೇಲೆ ಕೊನೆಗೆ ಮುಖ ತೊಳೆಯೋದು. ಎಣ್ಣೆ ಕುಡಿದ ದಿಂಬಿನ ಕವರ್ ವಾರಕ್ಕೊಮ್ಮೆ ಒಗೆಯೋದು. ಒಂದೂವರೆ ತಿಂಗಳಿಗೆ ಹೊಸ ಗುಳ್ಳೆ ನಿಂತ್ವು. ಹಳೇವು ಹೋಗೋಕೆ ಇನ್ನೂ ಟೈಮ್ ಹಿಡೀತು, ಯಾಕಂದ್ರೆ ಗುಳ್ಳೆ ಕಣ್ಣಿಗೆ ಕಾಣೋಕೆ ವಾರಗಟ್ಟಲೆ ಮುಂಚೆಯೇ ಚರ್ಮದೊಳಗೆ ಶುರುವಾಗಿರುತ್ತೆ. ಎಂಟೇ ದಿನಕ್ಕೆ 'ಆಗಲಿಲ್ಲ' ಅಂತ ಕೈ ಬಿಡೋರು ಸೋಲೋದು ಇಲ್ಲೇ.

ಹುಡುಗ್ರೇ, ನಿಮಗೂ ಅಷ್ಟೇ. ವ್ಯಾಕ್ಸ್ ಹಚ್ಚಿ ಅದರ ಮೇಲೆ ಹೆಲ್ಮೆಟ್ ಹಾಕ್ಕೊಂಡು ಹಂಪಿಗೆ ಹೋದ್ರೆ ಅಷ್ಟೂ ಹಣೆಗೇ ಒರೆಸಿಕೊಳ್ಳುತ್ತೆ. ಹೆಲ್ಮೆಟ್ ಬಿಡಬೇಡ್ರಿ, ವ್ಯಾಕ್ಸ್ ಬಿಡ್ರಿ.

ನನ್ನ ದೊಡ್ಡ ತಕರಾರು ಮೆಡಿಕಲ್ ಶಾಪಲ್ಲಿ ಕೇಳಿ ತರೋ 'ಬೆಳ್ಳಗಾಗೋ' ಕ್ರೀಮ್ ಬಗ್ಗೆ. ಅದರಲ್ಲಿ ಸ್ಟೀರಾಯ್ಡ್ ಇದ್ರೆ ಮೊದಲು ಕಮ್ಮಿ ಆದಂಗೆ ಕಾಣುತ್ತೆ, ಬಿಟ್ಟ ಕೂಡಲೇ ಇನ್ನೂ ಜಾಸ್ತಿ ಬರುತ್ತೆ. ಟ್ಯೂಬ್ ಮೇಲೆ ಬೀಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತ ಇದ್ರೆ ಮೊಡವೆಗೆ ಹಚ್ಚಲೇಬೇಡ್ರಿ.

ಗುಳ್ಳೆ ತುಂಬಾ ತುರಿಸಿದ್ರೆ ಅದು ಎಣ್ಣೆ ಮೊಡವೆ ಅಲ್ಲದೆ ಫಂಗಸ್ ಇರಬಹುದು, ಔಷಧಿನೇ ಬೇರೆ. ತುರಿಕೆ, ಕೀವು, ನೋವು ಇದ್ರೆ, ಅಥವಾ ಎರಡು ತಿಂಗಳಾದ್ರೂ ಹೊಸವು ಬರ್ತಾ ಇದ್ರೆ ಚರ್ಮದ ಡಾಕ್ಟರಿಗೆ ತೋರಿಸ್ರಿ.

ಮನೇಲಿ ಅಜ್ಜಿ 'ಎಣ್ಣೆ ಬಿಟ್ರೆ ಕೂದಲು ಉದುರ್ತಾವ' ಅಂದ್ರೆ ಜಗಳ ಬೇಡ. 'ಹಚ್ತೀನಿ ಅಜ್ಜಿ, ಭಾನುವಾರ ಎರೆದುಕೊಳ್ಳೋ ಮುಂಚೆ ನೀವೇ ಹಚ್ರಿ' ಅನ್ರಿ.